ದೂರದ ಮಗು, ಹತ್ತಿರದ ಮಗು: ಸ್ಕೂಲ್ ವ್ಯಾನ್ ಬಾಡಿಗೆ ಹಂಚಿಕೊಳ್ಳೋದು ಹೇಗೆ?

ಶಾಲೆ ಶುರುವಾಗುವ ಹೊತ್ತಿಗೆ ವ್ಯಾನ್ ಡ್ರೈವರ್ ಒಂದು ರೇಟ್ ಹೇಳುತ್ತಾರೆ. "ಒಂದು ಮಗುವಿಗೆ 3,200. ಎಲ್ರಿಗೂ ಒಂದೇ." ಅಲ್ಲಿಂದ ಪೋಷಕರ ವಾಟ್ಸಾಪ್ ಗ್ರೂಪ್‌ನಲ್ಲಿ ಎರಡು ಪಕ್ಷ ಆಗುತ್ತದೆ. ಶಾಲೆಗೆ ನಾಲ್ಕು ಕಿಲೋಮೀಟರ್ ದೂರದಲ್ಲಿರುವವರು, "ಹನ್ನೊಂದು ಕಿಲೋಮೀಟರ್‌ನವರೂ ಇಷ್ಟೇ, ನಾವೂ ಇಷ್ಟೇನಾ?" ಅನ್ನುತ್ತಾರೆ. ದೂರದವರು, "ವ್ಯಾನಲ್ಲಿ ನಮ್ಮ ಮಗು ಕೂರೋದೂ ಒಂದೇ ಸೀಟು ಅಲ್ವಾ?" ಅನ್ನುತ್ತಾರೆ.

ಇಬ್ಬರೂ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ವ್ಯಾನಿನ ಖರ್ಚಿನಲ್ಲಿ ಒಂದು ಭಾಗ ಸೀಟಿನದು, ಒಂದು ಭಾಗ ದಾರಿಯದು. ಎರಡನ್ನೂ ಒಂದೇ ಗುಡ್ಡೆಗೆ ಹಾಕಿ ಹಂಚಲು ಹೋಗುವುದರಿಂದಲೇ ಜಗಳ ಬರುತ್ತದೆ. ಬೇರೆ ಬೇರೆ ಮಾಡಿ ಹಂಚುವುದನ್ನು ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕ್ಯಾಲ್ಕುಲೇಟರ್ ಇರುವ ಫೋನು, ಒಂದು ಹಾಳೆ, ಒಂದು ಬೆಳಗಿನ ಸಮಯ ಸಾಕು.

ನಮ್ಮ ಉದಾಹರಣೆಯ ವ್ಯಾನ್

ಊರಿನ ಹೊರವಲಯದ ಒಂದು ಸಾಮಾನ್ಯ ರೂಟ್ ಅಂದುಕೊಳ್ಳಿ. ಡೀಸೆಲ್ ವ್ಯಾನ್, ಡ್ರೈವರ್ ಬಿಟ್ಟು ಹನ್ನೆರಡು ಸೀಟು, ಹನ್ನೆರಡು ಮಕ್ಕಳು. ಶಾಲೆಯಿಂದ ಒಂದೇ ಮುಖ್ಯರಸ್ತೆ. 4 ಕಿಲೋಮೀಟರ್‌ಗೆ ಹಾಲಿನ ಡೇರಿ ಸ್ಟಾಪ್, ಅಲ್ಲಿ 5 ಮಕ್ಕಳು. 7 ಕಿಲೋಮೀಟರ್‌ಗೆ ಕ್ರಾಸ್, ಅಲ್ಲಿ 3 ಮಕ್ಕಳು. ಕ್ರಾಸಿನಿಂದ ಒಳಗೆ ಒಂದೂವರೆ ಕಿಲೋಮೀಟರ್ ಹೋದರೆ ಹೊಸ ಲೇಔಟ್, ಅಲ್ಲಿ 2 ಮಕ್ಕಳು. ಮುಖ್ಯರಸ್ತೆಯಲ್ಲೇ ಮುಂದೆ ಹೋದರೆ 11ನೇ ಕಿಲೋಮೀಟರ್‌ನಲ್ಲಿ ಹಳ್ಳಿ, ಅಲ್ಲಿ 2 ಮಕ್ಕಳು. ಡ್ರೈವರ್ ಮನೆ ಇರುವುದೂ ಅದೇ ಹಳ್ಳಿಯಲ್ಲಿ.

ತಲಾ 3,200 ಅಂದರೆ ಡ್ರೈವರ್ ಕೇಳುತ್ತಿರುವುದು ತಿಂಗಳಿಗೆ ಒಟ್ಟು 38,400 ರೂಪಾಯಿ. ಮೊದಲು ಈ ಒಟ್ಟು ಮೊತ್ತದ ಬಗ್ಗೆ ಅವರ ಜೊತೆ ಮಾತು ಮುಗಿಸಿಕೊಳ್ಳಿ. ಒಟ್ಟು ಎಷ್ಟು ಅನ್ನುವುದು ಡ್ರೈವರ್ ಮತ್ತು ಪೋಷಕರ ನಡುವಿನ ಚೌಕಾಸಿ. ಯಾರು ಎಷ್ಟು ಕೊಡಬೇಕು ಅನ್ನುವುದು ಪೋಷಕರ ನಡುವಿನ ಮಾತು. ಎರಡನ್ನೂ ಒಂದೇ ದಿನ ಒಂದೇ ಗ್ರೂಪಿನಲ್ಲಿ ಎತ್ತಿಕೊಂಡರೆ ಯಾವುದೂ ಮುಗಿಯುವುದಿಲ್ಲ. "ಅಣ್ಣಾ, ನಿಮ್ಗೆ ತಿಂಗ್ಳಿಗೆ ಇಷ್ಟು ಬರುತ್ತೆ, ಅದನ್ನ ಹೇಗೆ ಸೇರಿಸ್ತೀವಿ ಅನ್ನೋದು ನಮಗೆ ಬಿಡಿ" ಅಂದರೆ ಬಹಳಷ್ಟು ಡ್ರೈವರ್‌ಗಳು ಒಪ್ಪುತ್ತಾರೆ. ಅವರಿಗೆ ಬೇಕಾಗಿರುವುದು ಒಟ್ಟು ಹಣ, ಅದೂ ಹೇಳಿದ ತಾರೀಖಿಗೆ.

ಮಾತುಕತೆಗೆ ಕೂರುವ ಮೊದಲು ಒಂದು ಕೆಲಸ ಬಾಕಿ ಇದೆ. ಗಾಡಿ ಹಳದಿ ಬೋರ್ಡಿನದೇ, ಎಫ್‌ಸಿ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಬಿಳಿ ಬೋರ್ಡ್ ಗಾಡಿ ಕಡಿಮೆಗೆ ಬರುತ್ತದೆ ನಿಜ. ಆದರೆ ಸ್ವಂತ ಬಳಕೆಗೆ ಅಂತ ಮಾಡಿಸಿದ ಇನ್ಶೂರೆನ್ಸ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಕ್ಲೇಮ್ ತಕರಾರಿಗೆ ಬೀಳುತ್ತದೆ. ಆ ಉಳಿತಾಯವನ್ನು ಹಂಚಿಕೊಳ್ಳುವ ಗೋಜಿಗೇ ಹೋಗಬೇಡಿ. ಪಾಲು ಇಳಿಸಲು ಸೀಟಿಗಿಂತ ಜಾಸ್ತಿ ಮಕ್ಕಳನ್ನು ತುಂಬುವುದೂ ಇದೇ ಜಾತಿಯ ಉಳಿತಾಯ.

ದಾರಿ ಅಳೆಯಿರಿ, ಆದರೆ ಸ್ಟಾಪಿನಿಂದ

ಒಂದು ದಿನ ಬೆಳಿಗ್ಗೆ ಯಾರಾದರೂ ಒಬ್ಬ ಪೋಷಕರು ಬೈಕ್ ಅಥವಾ ಕಾರಿನಲ್ಲಿ ವ್ಯಾನಿನ ಹಿಂದೆ ಹೋಗಲಿ. ಶಾಲೆಯ ಗೇಟಿನಿಂದ ಪ್ರತಿ ಸ್ಟಾಪಿಗೆ ಎಷ್ಟಾಯಿತು ಅಂತ ಮೀಟರ್ ನೋಡಿ ಬರೆದುಕೊಳ್ಳಲಿ. ಗೂಗಲ್ ಮ್ಯಾಪ್ ಕೂಡ ಸಾಕು. ಆದರೆ ವ್ಯಾನ್ ನಿಜವಾಗಿ ಹೋಗುವ ರಸ್ತೆಯನ್ನೇ ಅದರಲ್ಲಿ ಆರಿಸಿಕೊಳ್ಳಬೇಕು.

ಅಳತೆ ಮನೆಬಾಗಿಲಿನಿಂದ ಬೇಡ, ಸ್ಟಾಪಿನಿಂದ ಇರಲಿ. ಮನೆಬಾಗಿಲಿನ ಲೆಕ್ಕ ಹಿಡಿದರೆ ಹನ್ನೆರಡು ಮನೆಗೆ ಹನ್ನೆರಡು ರೇಟ್ ಆಗುತ್ತದೆ. ಇನ್ನೂರು ಮೀಟರ್ ವ್ಯತ್ಯಾಸಕ್ಕೆ ಇಪ್ಪತ್ತು ಮೆಸೇಜ್ ಬರುತ್ತದೆ. ಒಂದು ಸ್ಟಾಪಿಗೆ ಒಂದು ರೇಟ್ ಅಂದರೆ ನಾಲ್ಕು ಸ್ಟಾಪಿಗೆ ನಾಲ್ಕೇ ರೇಟ್.

ಇನ್ನೊಂದು ವಿಷಯ. ಮಗು ವ್ಯಾನಿನಲ್ಲಿ ಎಷ್ಟು ದೂರ ಕೂತಿತ್ತು ಅನ್ನುವುದನ್ನು ಅಳೆಯಬೇಡಿ. ಮಗುವಿನ ಸ್ಟಾಪಿನಿಂದ ಶಾಲೆಗೆ ನೇರ ದಾರಿ ಎಷ್ಟು ಅನ್ನುವುದನ್ನು ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಹಳ್ಳಿಯ ಮಕ್ಕಳು ದಿನಾ ಲೇಔಟಿನ ಒಳಗೆ ಹೋಗಿ ಬರುತ್ತಾರೆ. ಆ ಮೂರು ಕಿಲೋಮೀಟರ್ ಅವರಿಗೆ ಬೇಕಾಗಿದ್ದಲ್ಲ. ಸುತ್ತಾಡಿ ಸಮಯ ಹಾಳಾಗುವುದು ಅವರದೇ, ಮೇಲೆ ಅದಕ್ಕೆ ದುಡ್ಡನ್ನೂ ಅವರಿಂದಲೇ ಕೇಳುವುದು ನ್ಯಾಯವಲ್ಲ.

ಓಡಾಟದ ಖರ್ಚು ಎಷ್ಟು, ನಿಂತರೂ ಬರುವ ಖರ್ಚು ಎಷ್ಟು

ಡ್ರೈವರ್ ಖರ್ಚಿನ ಪಟ್ಟಿ ಕೊಡುವುದಿಲ್ಲ. ಕೇಳಿದರೆ ಬೇಜಾರೂ ಮಾಡಿಕೊಳ್ಳಬಹುದು. ಕೇಳುವ ಅಗತ್ಯವೂ ಇಲ್ಲ. ಓಡಾಟದ ಖರ್ಚನ್ನು ನಾವೇ ಅಂದಾಜು ಮಾಡಿ ಒಟ್ಟು ಮೊತ್ತದಿಂದ ಕಳೆದರೆ ಉಳಿದದ್ದು ನಿಂತರೂ ಬರುವ ಖರ್ಚು.

ವ್ಯಾನ್ ದಿನಕ್ಕೆ ಎಷ್ಟು ಓಡುತ್ತದೆ? ಬೆಳಿಗ್ಗೆ ಹಳ್ಳಿಯಿಂದ ಮಕ್ಕಳನ್ನು ತುಂಬಿಕೊಂಡು ಶಾಲೆಗೆ 11, ಜೊತೆಗೆ ಲೇಔಟಿಗೆ ಹೋಗಿಬರಲು 3. ಆಮೇಲೆ ಖಾಲಿ ವಾಪಸ್ 11. ಸಂಜೆ ಖಾಲಿ ಬರುವುದು 11, ಮಕ್ಕಳ ಜೊತೆ ಹೋಗುವುದು 11, ಮತ್ತೆ ಲೇಔಟಿಗೆ 3. ಒಟ್ಟು 50 ಕಿಲೋಮೀಟರ್. ತಿಂಗಳಿಗೆ 24 ದಿನ ಶಾಲೆ ಅಂದರೆ 1,200 ಕಿಲೋಮೀಟರ್.

ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿ. ಡೀಸೆಲ್ ಲೀಟರಿಗೆ, ಲೆಕ್ಕ ಸುಲಭವಾಗಲಿ ಅಂತ, 90 ರೂಪಾಯಿ ಹಿಡಿಯೋಣ. ಕಿಲೋಮೀಟರಿಗೆ 9 ರೂಪಾಯಿ ಡೀಸೆಲ್. ಟೈರ್, ಆಯಿಲ್, ಸರ್ವೀಸ್, ಬ್ರೇಕ್ ಎಲ್ಲ ಸೇರಿ ಇನ್ನು 3 ರೂಪಾಯಿ. ಕಿಲೋಮೀಟರಿಗೆ 12 ಆಯಿತು. ತಿಂಗಳಿಗೆ 14,400. ನಿಮ್ಮ ವ್ಯಾನ್ ಪೆಟ್ರೋಲಿನದೋ ಸಿಎನ್‌ಜಿಯದೋ ಆಗಿದ್ದರೆ ಈ 12ರ ಜಾಗದಲ್ಲಿ ನಿಮ್ಮ ಅಂಕಿ ಬರುತ್ತದೆ, ಬಾಕಿ ಎಲ್ಲ ಹಾಗೇ.

38,400ರಲ್ಲಿ 14,400 ಹೋದರೆ 24,000. ಇದರಲ್ಲಿ ಡ್ರೈವರ್ ದುಡಿಮೆ ಇದೆ, ಗಾಡಿಯ ಕಂತು ಇದೆ, ಇನ್ಶೂರೆನ್ಸ್, ಟ್ಯಾಕ್ಸ್, ಎಫ್‌ಸಿ ಇವೆ. ಇವು ಯಾವುವೂ ದೂರ ನೋಡಿ ಹೆಚ್ಚು ಕಡಿಮೆ ಆಗುವುದಿಲ್ಲ. ಡೇರಿ ಸ್ಟಾಪಿನ ಮಗುವಿಗೂ ಇನ್ಶೂರೆನ್ಸ್ ಬೇಕು, ಹಳ್ಳಿಯ ಮಗುವಿಗೂ ಬೇಕು. ಒಟ್ಟು ಖರ್ಚಿನಲ್ಲಿ ಹೆಚ್ಚಿನ ಭಾಗ ಇದೇ ಇರುವುದನ್ನು ಗಮನಿಸಿ. "ಕಿಲೋಮೀಟರ್ ಲೆಕ್ಕದಲ್ಲೇ ಎಲ್ಲ ಹಂಚೋಣ" ಅನ್ನುವ ಹತ್ತಿರದವರ ವಾದ ಸೋಲುವುದು ಇಲ್ಲೇ.

ಮೂರು ಗುಡ್ಡೆ

ಈಗ ಖರ್ಚನ್ನು ಮೂರು ಗುಡ್ಡೆ ಮಾಡಿ.

ಮೊದಲನೆಯದು ನಿಂತರೂ ಬರುವ ಖರ್ಚು, 24,000. ಇದನ್ನು ಸೀಟಿಗೆ ಸಮ ಹಂಚಬೇಕು. ಹನ್ನೆರಡು ಸೀಟಿಗೆ ತಲಾ 2,000.

ಎರಡನೆಯದು ಖಾಲಿ ಓಡಾಟ. ದಿನಕ್ಕೆ 22 ಕಿಲೋಮೀಟರ್, ತಿಂಗಳಿಗೆ 528, ಹಣ 6,336. ಇದು ಯಾರ ಲೆಕ್ಕಕ್ಕೆ ಅನ್ನುವುದೇ ಬಹಳ ಕಡೆ ತಪ್ಪುವ ಜಾಗ. ಕೊನೆಯ ಸ್ಟಾಪಿನ ಮಕ್ಕಳ ಮೇಲೆ ಹೊರಿಸಬೇಕು ಅನ್ನಿಸುತ್ತದೆ, ಏಕೆಂದರೆ ವ್ಯಾನ್ ಅಲ್ಲಿಯವರೆಗೆ ಹೋಗುತ್ತದೆ. ಆದರೆ ಖಾಲಿ ವ್ಯಾನ್ ಹಳ್ಳಿಗೆ ಹೋಗುವುದು ಆ ಇಬ್ಬರು ಮಕ್ಕಳಿಗಾಗಿ ಅಲ್ಲ. ಡ್ರೈವರ್ ಮನೆ ಅಲ್ಲಿದೆ. ಹಳ್ಳಿಯ ಮಕ್ಕಳು ಇಲ್ಲದಿದ್ದರೂ ಅವರು ಮನೆಗೆ ಹೋಗಲೇಬೇಕು. ಆದ್ದರಿಂದ ಇದು ಎಲ್ಲರ ಖರ್ಚು. ತಲಾ 528.

ಡ್ರೈವರ್ ಮನೆ ಶಾಲೆಯ ಹತ್ತಿರವೇ ಇದ್ದರೆ ಮಾತು ಬದಲಾಗುತ್ತದೆ. ಆಗ ಖಾಲಿ ವ್ಯಾನ್ ಹಳ್ಳಿಯವರೆಗೆ ಹೋಗುವುದು ಹಳ್ಳಿಯ ಮಕ್ಕಳನ್ನು ಕರೆತರಲಿಕ್ಕೇ. ಆ ಖಾಲಿ ಓಡಾಟವನ್ನೂ ಮೂರನೆಯ ಗುಡ್ಡೆಗೆ ಸೇರಿಸಬೇಕು. ಕಿಲೋಮೀಟರ್ ಯಾರಿಗಾಗಿ ಓಡುತ್ತಿದೆ ಅಂತ ಪ್ರತಿ ಬಾರಿ ಕೇಳಿಕೊಂಡರೆ ಗುಡ್ಡೆ ತಾನಾಗಿ ಗೊತ್ತಾಗುತ್ತದೆ.

ಮೂರನೆಯದು ಮಕ್ಕಳು ಕೂತಿರುವಾಗಿನ ಓಡಾಟ. ದಿನಕ್ಕೆ 28 ಕಿಲೋಮೀಟರ್, ತಿಂಗಳಿಗೆ 672, ಹಣ 8,064. ದೂರ ನೋಡಿ ಹಂಚಬೇಕಾದದ್ದು ಇಷ್ಟೇ.

ರಸ್ತೆಯನ್ನು ತುಂಡು ಮಾಡಿ ಹಂಚುವುದು

ಮೂರನೆಯ ಗುಡ್ಡೆ ಹಂಚಲು ರಸ್ತೆಯನ್ನು ಸ್ಟಾಪಿನಿಂದ ಸ್ಟಾಪಿಗೆ ತುಂಡು ಮಾಡಿ. ಒಂದೊಂದು ತುಂಡಿನ ಖರ್ಚನ್ನು ಆ ತುಂಡು ಯಾರಿಗೆ ಬೇಕೋ ಅವರು ಮಾತ್ರ ಸಮನಾಗಿ ಹಂಚಿಕೊಳ್ಳಬೇಕು. ಮುಖ್ಯರಸ್ತೆಯ ಒಂದು ಕಿಲೋಮೀಟರ್ ಮೇಲೆ ಮಕ್ಕಳ ಸಮೇತ ವ್ಯಾನ್ ದಿನಕ್ಕೆ ಎರಡು ಸಲ, ತಿಂಗಳಿಗೆ 48 ಸಲ ಓಡುತ್ತದೆ. ಅಂದರೆ ಒಂದು ಕಿಲೋಮೀಟರ್ ರಸ್ತೆಗೆ ತಿಂಗಳ ಖರ್ಚು 576 ರೂಪಾಯಿ.

ಶಾಲೆಯಿಂದ ಡೇರಿಯವರೆಗೆ 4 ಕಿಲೋಮೀಟರ್, 2,304 ರೂಪಾಯಿ. ಈ ತುಂಡು ಹನ್ನೆರಡು ಮಕ್ಕಳಿಗೂ ಬೇಕು. ತಲಾ 192.

ಡೇರಿಯಿಂದ ಕ್ರಾಸ್‌ಗೆ 3 ಕಿಲೋಮೀಟರ್, 1,728 ರೂಪಾಯಿ. ಡೇರಿಯ ಐವರಿಗೆ ಇದು ಬೇಡ. ಉಳಿದ ಏಳು ಮಕ್ಕಳಿಗೆ ತಲಾ 247.

ಕ್ರಾಸಿನಿಂದ ಹಳ್ಳಿಗೆ 4 ಕಿಲೋಮೀಟರ್, 2,304 ರೂಪಾಯಿ. ಇದು ಹಳ್ಳಿಯ ಇಬ್ಬರಿಗೆ ಮಾತ್ರ. ತಲಾ 1,152.

ಕ್ರಾಸಿನಿಂದ ಲೇಔಟಿಗೆ ಹೋಗಿಬರುವುದು ಪ್ರತಿ ಸಲ 3 ಕಿಲೋಮೀಟರ್, ತಿಂಗಳಿಗೆ 144 ಕಿಲೋಮೀಟರ್, 1,728 ರೂಪಾಯಿ. ಲೇಔಟಿನ ಇಬ್ಬರಿಗೆ ತಲಾ 864.

ಇದು ನಮ್ಮ ನಿಮ್ಮ ತಲೆಯಲ್ಲಿ ಹುಟ್ಟಿದ ಉಪಾಯವೇನಲ್ಲ. ದೊಡ್ಡ ವಿಮಾನಕ್ಕೆ ಉದ್ದ ರನ್‌ವೇ ಬೇಕು, ಚಿಕ್ಕದಕ್ಕೆ ಗಿಡ್ಡದು ಸಾಕು. ಹಾಗಿರುವಾಗ ಒಂದೇ ರನ್‌ವೇಯ ಖರ್ಚನ್ನು ಹೇಗೆ ಹಂಚಬೇಕು ಅನ್ನುವ ಪ್ರಶ್ನೆಗೆ ಲಿಟಲ್‌ಚೈಲ್ಡ್ ಮತ್ತು ಓವನ್ ಅನ್ನುವ ಇಬ್ಬರು 1973ರಲ್ಲಿ ಇದೇ ತುಂಡು ತುಂಡಿನ ಲೆಕ್ಕ ಸರಿಯಾಗುತ್ತದೆ ಅಂತ ತೋರಿಸಿದ್ದರು. ಅದರ ಬುಡದಲ್ಲಿರುವ ಗಣಿತ ಲಾಯ್ಡ್ ಶಾಪ್ಲಿ ಅವರದು. ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗ್ರೂಪಿನಲ್ಲಿ ಯಾರಾದರೂ "ಇದ್ಯಾವ ಲೆಕ್ಕ ರೀ" ಅಂದರೆ ಹೇಳಲಿಕ್ಕೆ ಇರಲಿ.

ಈಗ ಮೂರೂ ಗುಡ್ಡೆ ಕೂಡಿಸಿ. ಹತ್ತು ರೂಪಾಯಿಗೆ ಸರಿಮಾಡಿದರೆ ಡೇರಿ ಮಗುವಿಗೆ 2,720, ಕ್ರಾಸಿಗೆ 2,970, ಲೇಔಟಿಗೆ 3,830, ಹಳ್ಳಿಗೆ 4,120. ಒಟ್ಟು 38,410 ಬರುತ್ತದೆ. ಹತ್ತು ರೂಪಾಯಿ ಮೇಲಾಯಿತು, ಅದು ಡ್ರೈವರ್ ಟೀಗೆ. ಬೇರೆ ಎರಡು ವಿಧಾನಗಳ ಜೊತೆ ಇಟ್ಟು ನೋಡಿ:

| ಸ್ಟಾಪ್ | ಎಲ್ಲರಿಗೂ ಸಮ | ಎಲ್ಲವೂ ಕಿ.ಮೀ. ಲೆಕ್ಕ | ಮೂರು ಗುಡ್ಡೆ |
|---|---|---|---|
| ಡೇರಿ, 4 ಕಿ.ಮೀ. | 3,200 | 1,920 | 2,720 |
| ಕ್ರಾಸ್, 7 ಕಿ.ಮೀ. | 3,200 | 3,360 | 2,970 |
| ಲೇಔಟ್, 8.5 ಕಿ.ಮೀ. | 3,200 | 4,080 | 3,830 |
| ಹಳ್ಳಿ, 11 ಕಿ.ಮೀ. | 3,200 | 5,280 | 4,120 |

ಮಧ್ಯದ ಸಾಲಿನಲ್ಲಿ ಕ್ರಾಸಿನವರ ಪಾಡು ನೋಡಿ. ಎಲ್ಲವನ್ನೂ ಕಿಲೋಮೀಟರ್ ಲೆಕ್ಕದಲ್ಲಿ ಹಂಚಿದರೆ ಅವರು ಸಮಪಾಲಿಗಿಂತ ಜಾಸ್ತಿ ಕೊಡಬೇಕು. ಮೂರು ಗುಡ್ಡೆಯಲ್ಲಿ ಸಮಪಾಲಿಗಿಂತ ಕಡಿಮೆ. ಮುಖ್ಯರಸ್ತೆಯ ಮೇಲೇ ನಿಂತು, ಯಾರಿಗೂ ಸುತ್ತು ಹಾಕಿಸದೆ ಹತ್ತುವ ಮಕ್ಕಳು ಅವರು. ಅವರಿಂದ ವ್ಯಾನಿಗೆ ಬೀಳುವ ಹೆಚ್ಚುವರಿ ಖರ್ಚು ಬಹಳ ಕಡಿಮೆ.

ಯಾರಾದರೂ ಬಿಟ್ಟು ಹೋದರೆ ಏನಾಗುತ್ತದೆ ಅಂತ ನೋಡಿ

ರೇಟ್ ಸರಿಯಾಗಿದೆಯೇ ಅಂತ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಪರೀಕ್ಷೆ ಇದೊಂದೇ. ಒಂದು ಸ್ಟಾಪಿನವರು ವ್ಯಾನ್ ಬಿಟ್ಟರೆ ಉಳಿದವರಿಗೆ ಎಷ್ಟು ಬೀಳುತ್ತದೆ?

ಸಮಪಾಲು ಮಾಡಿದಿರಿ ಅಂದುಕೊಳ್ಳಿ. ಡೇರಿ ಸ್ಟಾಪಿನವರು ಲೆಕ್ಕ ಹಾಕುತ್ತಾರೆ. ಸ್ಕೂಟರಿನಲ್ಲಿ ತಾವೇ ಬಿಟ್ಟು ಬಂದು, ಮತ್ತೆ ಹೋಗಿ ಕರೆತಂದರೆ ದಿನಕ್ಕೆ 16 ಕಿಲೋಮೀಟರ್. ತಿಂಗಳಿಗೆ 384. ಲೀಟರಿಗೆ 45 ಕೊಡುವ ಸ್ಕೂಟರಿಗೆ ಎಂಟೂವರೆ ಲೀಟರ್ ಪೆಟ್ರೋಲ್, ಸಾವಿರ ರೂಪಾಯಿಯ ಒಳಗೇ ಮುಗಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಸಮಯ ಇದ್ದರೆ 3,200 ಕೊಡುವ ಮೊದಲು ಅವರು ಎರಡು ಸಲ ಯೋಚಿಸುತ್ತಾರೆ. ಆ ಐದು ಮಕ್ಕಳು ಬಿಟ್ಟರೆ ವ್ಯಾನಿನ ದಾರಿ ಒಂದು ಮೀಟರೂ ಕಡಿಮೆ ಆಗುವುದಿಲ್ಲ. 38,400 ಏಳು ಮಕ್ಕಳ ಮೇಲೆ ಬಿದ್ದರೆ ತಲಾ 5,486. ಸಮಪಾಲು ಕೇಳಿದ ದೂರದವರಿಗೇ ಅದು ತಿರುಗಿಬೀಳುತ್ತದೆ.

ಎಲ್ಲವನ್ನೂ ಕಿಲೋಮೀಟರ್ ಲೆಕ್ಕದಲ್ಲಿ ಮಾಡಿದರೆ ಹಳ್ಳಿಯವರು 5,280 ಕೇಳಿ ಬೆಚ್ಚುತ್ತಾರೆ. ಇಬ್ಬರೂ ಸೇರಿ ಒಂದು ಆಟೊ ಗೊತ್ತು ಮಾಡಿಕೊಳ್ಳುತ್ತಾರೆ. ಆಗಲೂ ವ್ಯಾನಿನ ಖರ್ಚು ಇಳಿಯುವುದಿಲ್ಲ, ಡ್ರೈವರ್ ಹಳ್ಳಿಯಿಂದಲೇ ಬರಬೇಕಲ್ಲ. ಮೂರು ಗುಡ್ಡೆಯ ಪ್ರಕಾರ ಉಳಿದ ಹತ್ತು ಮಕ್ಕಳು ಸರಾಸರಿ 3,016 ಕೊಡುತ್ತಿರುತ್ತಾರೆ. ಹಳ್ಳಿಯವರು ಬಿಟ್ಟರೆ ಅದು 3,840 ಆಗುತ್ತದೆ. ಪ್ರತಿ ಮನೆಗೂ ಎಂಟುನೂರಕ್ಕೂ ಮೇಲೆ.

ಹಾಗಾಗಿ 4,120 ಕೂಡ ಹಳ್ಳಿಯವರಿಗೆ ಭಾರ ಅನ್ನಿಸಿದರೆ ನೂರಿನ್ನೂರು ಇಳಿಸಿ, ಅದನ್ನು ಉಳಿದ ಹತ್ತು ಮಕ್ಕಳಿಗೆ ಹಂಚಿ. ಇಬ್ಬರಿಗೂ ತಲಾ 200 ಇಳಿಸಿದರೆ ಬೇರೆಯವರಿಗೆ ಬೀಳುವುದು ತಲಾ 40. ಎಂಟುನೂರು ಉಳಿಸಿಕೊಳ್ಳಲು ನಲವತ್ತು ಕೊಡುವುದು ದಾನವಲ್ಲ, ವ್ಯವಹಾರ. ಆದರೆ ಇಳಿಸಲಿಕ್ಕೂ ಒಂದು ತಳ ಇದೆ. ಯಾರೂ ತಮಗೋಸ್ಕರವೇ ಓಡುವ ತುಂಡಿನ ಖರ್ಚಿಗಿಂತ ಕಡಿಮೆ ಕೊಡಬಾರದು. ಹಾಗೆ ಕೊಟ್ಟರೆ ಅವರು ವ್ಯಾನಿನಲ್ಲಿ ಇರುವುದೇ ಬೇರೆಯವರಿಗೆ ನಷ್ಟ.

ಲೇಔಟಿನವರಿಗೆ ಬೇರೆ ದಾರಿ ಇದೆ. ಅವರು ಮಕ್ಕಳನ್ನು ಕ್ರಾಸಿಗೆ ತಂದು ಹತ್ತಿಸಿದರೆ ತಲಾ 864 ಉಳಿಯುತ್ತದೆ, ರೇಟ್ 2,970ಕ್ಕೆ ಇಳಿಯುತ್ತದೆ. ಒಂದು ಮಗುವಿನ ಮನೆಯವರು ಬೆಳಿಗ್ಗೆ, ಇನ್ನೊಂದು ಮಗುವಿನ ಮನೆಯವರು ಸಂಜೆ ಅಂತ ಹಂಚಿಕೊಂಡರೆ ದೊಡ್ಡ ಕಷ್ಟವೇನಲ್ಲ. ಹಳ್ಳಿಯ ಮಕ್ಕಳಿಗೂ ಬೆಳಗಿನ ನಿದ್ದೆ ಹತ್ತು ನಿಮಿಷ ಜಾಸ್ತಿ ಸಿಗುತ್ತದೆ. ಆದರೆ ಇಬ್ಬರೂ ಬಂದರೆ ಮಾತ್ರ ಈ ಉಳಿತಾಯ. ಒಬ್ಬರು ಕ್ರಾಸಿಗೆ ಬಂದು ಇನ್ನೊಬ್ಬರು ಒಳಗೇ ವ್ಯಾನ್ ಬರಲಿ ಅಂದರೆ 1,728 ಪೂರ್ತಿ ಆ ಒಬ್ಬರ ತಲೆಗೇ ಬರುತ್ತದೆ. ಮೊದಲೇ ಕೂತು ಮಾತಾಡಿಕೊಳ್ಳಲಿ.

ಸರಿಸುಮಾರು ಪ್ರತಿ ವ್ಯಾನಿನಲ್ಲೂ ಬರುವ ತಕರಾರುಗಳು

ಅಣ್ಣ ತಂಗಿ ಇಬ್ಬರೂ ಒಂದೇ ವ್ಯಾನ್. ರಿಯಾಯಿತಿ ಕೊಡಬೇಕೇ? ಎರಡು ಸೀಟು ಹಿಡಿದರೆ ಎರಡು ಪಾಲು. ಡ್ರೈವರ್ ತಮ್ಮ ದುಡಿಮೆಯಲ್ಲಿ ಬಿಡುತ್ತೇನೆ ಅಂದರೆ ಅದು ಅವರಿಷ್ಟ, ಒಟ್ಟು ಮೊತ್ತವೇ ಅಷ್ಟು ಇಳಿಯಬೇಕು. ಒಟ್ಟು ಹಾಗೇ ಇದ್ದು ಒಂದು ಮನೆಗೆ ಮಾತ್ರ ಕಡಿಮೆ ಆದರೆ ಅದನ್ನು ಕಟ್ಟುತ್ತಿರುವುದು ಬೇರೆ ಪೋಷಕರು.

ಎಲ್‌ಕೆಜಿ ಮಗು ಚಿಕ್ಕದು, ಅರ್ಧ ತಗೊಳ್ಳಿ ಅನ್ನುತ್ತಾರೆ. ಚಿಕ್ಕದಾದರೂ ಸೀಟು ಒಂದೇ. ಅದಕ್ಕಿಂತ ದೊಡ್ಡ ವಿಷಯ ಬಿಡುವ ಸಮಯ. ಎಲ್‌ಕೆಜಿ ಮಧ್ಯಾಹ್ನವೇ ಬಿಟ್ಟರೆ ವ್ಯಾನ್ ಇನ್ನೊಂದು ಸಲ ಓಡಬೇಕು. ಶಾಲೆಯಿಂದ ಡೇರಿಗೆ ಹೋಗಿಬರಲು 8 ಕಿಲೋಮೀಟರ್ ಅಂದರೆ ತಿಂಗಳಿಗೆ 2,304 ರೂಪಾಯಿ. ಇದು ಮಧ್ಯಾಹ್ನ ಬರುವ ಮಕ್ಕಳದೇ ಖರ್ಚು. ದೊಡ್ಡ ಮಕ್ಕಳ ಪಾಲಿಗೆ ಸೇರಿಸಬಾರದು. ಎಲ್‌ಕೆಜಿ ಮಕ್ಕಳು ಮೂರು ನಾಲ್ಕು ಇದ್ದರೆ ನಡೆಯುತ್ತದೆ, ಒಂದೇ ಇದ್ದರೆ ಮಧ್ಯಾಹ್ನಕ್ಕೆ ಬೇರೆ ವ್ಯವಸ್ಥೆ ನೋಡುವುದೇ ಮೇಲು.

ಬೆಳಿಗ್ಗೆ ಮಾತ್ರ ಬರುವ ಮಗು ಇರುತ್ತದೆ, ಸಂಜೆ ಟ್ಯೂಷನ್‌ಗೆ ಹೋಗುವುದರಿಂದ. ಅರ್ಧ ರೇಟ್ ಕೇಳುತ್ತಾರೆ. ಸಂಜೆ ಆ ಸೀಟಿಗೆ ಬೇರೆ ಮಗು ಸಿಕ್ಕಿದರೆ ಕೊಡಿ, ಸಿಗದಿದ್ದರೆ ಸೀಟು ಖಾಲಿ ಹೋಗುತ್ತದೆ. ಆಗ ಮೂರನೆಯ ಗುಡ್ಡೆಯ ಪಾಲನ್ನು ಮಾತ್ರ ಅರ್ಧ ಮಾಡಿ. ಡೇರಿ ಮಗುವಿಗೆ ಹಾಗೆ ಕಡಿಮೆಯಾಗುವುದು 96 ರೂಪಾಯಿ. ಕೇಳಿದವರಿಗೆ ನಗು ಬರಬಹುದು, ಆದರೆ ವ್ಯಾನಿಗೆ ನಿಜವಾಗಿ ಉಳಿಯುವುದು ಅದೂ ಇಲ್ಲ.

ಜ್ವರ ಬಂದು ಒಂದು ವಾರ ರಜೆ ಹಾಕಿದರೆ ಕಡಿತ ಇಲ್ಲ. ವ್ಯಾನ್ ಆ ಸ್ಟಾಪಿನ ಮುಂದೆಯೇ ಹಾದುಹೋಗುತ್ತದೆ. ಲೇಔಟಿನ ಇಬ್ಬರೂ ಒಟ್ಟಿಗೆ ರಜೆ ಹಾಕಿದರೆ ಮಾತ್ರ ದಿನಕ್ಕೆ 72 ರೂಪಾಯಿ ಉಳಿಯುತ್ತದೆ. ಅದನ್ನು ಕೇಳಲು ಹೋಗಬೇಡಿ, ಇಲ್ಲದಿದ್ದರೆ ಒಂದು ದಿನ ವ್ಯಾನ್ ಹತ್ತು ನಿಮಿಷ ಕಾದದ್ದಕ್ಕೂ ಬಿಲ್ ಬರುತ್ತದೆ.

ಡೀಸೆಲ್ ಏರಿದಾಗ, ದಸರಾ ರಜೆ ಬಂದಾಗ

ಇವೆರಡಕ್ಕೂ ಉತ್ತರ ಮೊದಲೇ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ. ಡೀಸೆಲ್ ಲೀಟರಿಗೆ 5 ರೂಪಾಯಿ ಏರಿತು ಅಂದುಕೊಳ್ಳಿ. ಡ್ರೈವರ್ "ಮಗುವಿಗೆ 200 ಜಾಸ್ತಿ ಮಾಡಿ" ಅನ್ನುತ್ತಾರೆ. ನಮ್ಮ ವ್ಯಾನ್ ತಿಂಗಳಿಗೆ ಕುಡಿಯುವುದು 120 ಲೀಟರ್. ಹೆಚ್ಚಾದದ್ದು 600 ರೂಪಾಯಿ, ಹನ್ನೆರಡು ಮಕ್ಕಳಿಗೆ ತಲಾ 50. ಈ 120 ಲೀಟರ್ ಅನ್ನುವ ಅಂಕಿಯನ್ನು ಜೂನ್‌ನಲ್ಲೇ ಡ್ರೈವರ್ ಜೊತೆ ಒಪ್ಪಿಕೊಂಡು ಬರೆದಿಟ್ಟರೆ ಆಮೇಲೆ ಚೌಕಾಸಿಯೇ ಬೇಡ. ಐದು ರೂಪಾಯಿ ಏರಿದರೆ ತಲಾ 50 ಜಾಸ್ತಿ, ಐದು ಇಳಿದರೆ 50 ಕಡಿಮೆ. ನಡುವಿನ ಸಣ್ಣಪುಟ್ಟ ಏರಿಳಿತ ಲೆಕ್ಕಕ್ಕಿಲ್ಲ.

ದಸರಾ ತಿಂಗಳಲ್ಲಿ ಶಾಲೆ ಹನ್ನೆರಡು ದಿನ ಮಾತ್ರ ನಡೆಯಿತು ಅಂದರೆ ಪೋಷಕರು ಅರ್ಧ ಬಾಡಿಗೆ ಕೊಡುತ್ತೇವೆ ಅನ್ನುತ್ತಾರೆ. ಅರ್ಧವಾಗುವುದು ಓಡಾಟ ಮಾತ್ರ. 14,400ರಲ್ಲಿ 7,200 ಉಳಿಯಿತು, ಸರಾಸರಿ ಮಗುವಿಗೆ 600. ಡ್ರೈವರ್ ಮನೆಯ ಅಕ್ಕಿ ಬೇಳೆ, ಗಾಡಿಯ ಕಂತು ದಸರಾಕ್ಕೆ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ 600ರಲ್ಲಿ ಅರ್ಧ ಬಿಟ್ಟುಕೊಡಿ ಅಂತ ಕೇಳುವುದು ಸರಿ, ಪೂರ್ತಿ ಕೇಳುವುದು ಬೇಡ. ಹಬ್ಬದ ತಿಂಗಳು, ಅವರಿಗೂ ಮಕ್ಕಳಿವೆ.

ಬೇಸಿಗೆ ರಜೆ ದೊಡ್ಡದು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ವ್ಯಾನ್ ಓಡುವುದಿಲ್ಲ. ಕೆಲವು ಡ್ರೈವರ್‌ಗಳು ಹತ್ತು ತಿಂಗಳಿಗೆ ಮಾತ್ರ ತೆಗೆದುಕೊಂಡು ರಜೆಯ ಖರ್ಚನ್ನು ತಿಂಗಳ ರೇಟಿನಲ್ಲೇ ಸೇರಿಸಿರುತ್ತಾರೆ. ಕೆಲವರು ರೇಟ್ ಕಡಿಮೆ ಹೇಳಿ ಮೇ ತಿಂಗಳಿಗೂ ಅರ್ಧ ಕೇಳುತ್ತಾರೆ. ಎರಡೂ ಸರಿಯೇ, ಎರಡೂ ಒಟ್ಟಿಗೆ ಮಾತ್ರ ಆಗಬಾರದು. "ಈ ರೇಟಲ್ಲಿ ಬೇಸಿಗೆ ರಜೆ ಸೇರಿದ್ಯಾ ಅಣ್ಣಾ?" ಅಂತ ಜೂನ್‌ನಲ್ಲೇ ಕೇಳಿಬಿಡಿ. ಎರಡು ವ್ಯಾನಿನ ರೇಟ್ ಹೋಲಿಸುವಾಗಲೂ ವರ್ಷದ ಒಟ್ಟು ಮೊತ್ತವನ್ನೇ ಹೋಲಿಸಿ.

ಗ್ರೂಪಿಗೆ ಹಾಕುವ ಮೆಸೇಜ್

ಇಷ್ಟೆಲ್ಲ ಲೆಕ್ಕವನ್ನು ಗ್ರೂಪಿನಲ್ಲಿ ಸುರಿಯಬೇಡಿ. ಹಾಳೆಯ ಫೋಟೊ ಒಂದು ಇರಲಿ, ನೋಡುವವರು ನೋಡುತ್ತಾರೆ. ಮೆಸೇಜ್ ಹೀಗಿದ್ದರೆ ಸಾಕು:

"ಎಲ್ಲರಿಗೂ ನಮಸ್ಕಾರ. ವ್ಯಾನಿನ ಒಟ್ಟು ಬಾಡಿಗೆ ತಿಂಗಳಿಗೆ 38,400 ಅಂತ ಡ್ರೈವರ್ ಅಣ್ಣನ ಜೊತೆ ಮಾತಾಗಿದೆ. ಗಾಡಿ ಮತ್ತು ಡ್ರೈವರ್ ಖರ್ಚು, ಖಾಲಿ ಓಡಾಟ ಎಲ್ಲರಿಗೂ ಸಮ. ಮಕ್ಕಳಿರುವ ದಾರಿಯ ಖರ್ಚು ಮಾತ್ರ ಸ್ಟಾಪ್ ಪ್ರಕಾರ. ಡೇರಿ 2,720, ಕ್ರಾಸ್ 2,970, ಲೇಔಟ್ 3,830, ಹಳ್ಳಿ 4,120. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನೇರವಾಗಿ ಅಣ್ಣನಿಗೆ ಹಾಕಿ. ಬಿಡುವುದಾದರೆ ಒಂದು ತಿಂಗಳು ಮೊದಲು ತಿಳಿಸಿ. ಡೀಸೆಲ್ 5 ರೂಪಾಯಿ ಏರಿದರೆ ಅಥವಾ ಇಳಿದರೆ ತಲಾ 50 ಬದಲಾಗುತ್ತದೆ. ಪ್ರಶ್ನೆ ಇದ್ದರೆ ಭಾನುವಾರದೊಳಗೆ ಹೇಳಿ."

ದುಡ್ಡು ನೇರ ಡ್ರೈವರಿಗೆ ಹೋಗಲಿ ಅಂದದ್ದಕ್ಕೆ ಕಾರಣ ಇದೆ. ಒಬ್ಬ ಪೋಷಕರು ಎಲ್ಲರಿಂದ ಕೂಡಿಸಿ ಕೊಡುವ ಪದ್ಧತಿ ಎರಡು ತಿಂಗಳು ಚೆನ್ನಾಗಿರುತ್ತದೆ. ಮೂರನೆಯ ತಿಂಗಳಿಗೆ ಆ ಪುಣ್ಯಾತ್ಮರು ಬೇರೆಯವರ ಬಾಕಿಯನ್ನು ಕೈಯಿಂದ ಹಾಕಿ ಕೂತಿರುತ್ತಾರೆ.

ವರ್ಷದ ಮಧ್ಯೆ ಸೇರುವವರು, ಬಿಡುವವರು

ಹೊಸ ಮಗು ಬಂದಾಗೆಲ್ಲ ಇಡೀ ಲೆಕ್ಕ ತಿದ್ದಬೇಡಿ. ತಿಂಗಳಿಗೊಂದು ರೇಟ್ ಆದರೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಜೂನ್‌ನಲ್ಲಿ ಒಂದು ಸಲ, ದಸರಾ ರಜೆಯಲ್ಲಿ ಇನ್ನೊಂದು ಸಲ ತಿದ್ದಿದರೆ ಸಾಕು. ನಡುವೆ ಸೇರಿದವರು ತಮ್ಮ ಸ್ಟಾಪಿನ ಚಾಲ್ತಿ ರೇಟ್ ಕೊಡಲಿ.

ಕಷ್ಟವಾಗುವುದು ಬಿಟ್ಟು ಹೋದಾಗ. ಆಗಸ್ಟ್‌ನಲ್ಲಿ ಕ್ರಾಸಿನ ಒಂದು ಕುಟುಂಬ ಮನೆ ಬದಲಿಸಿತು ಅಂದುಕೊಳ್ಳಿ. 2,970 ಹೋಯಿತು, ವ್ಯಾನಿನ ಖರ್ಚು ಒಂದು ಪೈಸೆ ಇಳಿಯಲಿಲ್ಲ. ಈ ನಷ್ಟ ಡ್ರೈವರದೋ ಪೋಷಕರದೋ? ಮೊದಲೇ ಮಾತಾಗಿಲ್ಲದಿದ್ದರೆ ಡ್ರೈವರ್ ಮೇಲೇ ಬೀಳುತ್ತದೆ. ಅವರು ಸುಮ್ನೆ ಇರುವುದಿಲ್ಲ, ಬೇರೆ ಶಾಲೆಯ ಮಗುವನ್ನು ಹತ್ತಿಸಿಕೊಳ್ಳುತ್ತಾರೆ. ನಿಮ್ಮ ಮಕ್ಕಳು ಇನ್ನೊಂದು ರಸ್ತೆ ಸುತ್ತಿ ಬರುತ್ತಾರೆ. ವ್ಯಾನ್ ಇದ್ದಕ್ಕಿದ್ದಂತೆ ತಡವಾಗಿ ಬರಲು ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅದಕ್ಕೇ ಒಂದು ತಿಂಗಳ ಮುನ್ಸೂಚನೆಯ ನಿಯಮ. ಬಿಡುವವರು ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಒಂದು ತಿಂಗಳ ಬಾಡಿಗೆ ಕೊಟ್ಟು ಹೋಗಬೇಕು. ಸಾಧ್ಯವಾದರೆ ಜೂನ್‌ನಲ್ಲೇ ಪ್ರತಿ ಸೀಟಿಗೆ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಡ್ರೈವರ್ ಬಳಿ ಇಡಿ, ಕೊನೆಯ ತಿಂಗಳಿಗೆ ಅದನ್ನೇ ವಜಾ ಮಾಡಿಕೊಳ್ಳಿ. ಆ ಒಂದು ತಿಂಗಳಲ್ಲಿ ಬದಲಿ ಮಗು ಸಿಗದಿದ್ದರೆ ಉಳಿದ ಹನ್ನೊಂದು ಮಂದಿ ತಲಾ 270 ಜಾಸ್ತಿ ಕೊಡುವುದು, ಸೀಟು ತುಂಬಿದ ತಿಂಗಳಿಂದ ಹಳೆಯ ರೇಟಿಗೆ ಮರಳುವುದು. ಸೀಟು ಖಾಲಿ ಇದೆ ಅಂತ ಶಾಲೆಯ ಬೇರೆ ಗ್ರೂಪುಗಳಲ್ಲಿ ಹಾಕುವಾಗ ಡೇರಿಯಿಂದ ಕ್ರಾಸಿನವರೆಗೆ ಮುಖ್ಯರಸ್ತೆಯ ಮೇಲೆ ಹತ್ತುವ ಮಗುವಿಗೇ ಮೊದಲ ಆದ್ಯತೆ ಕೊಡಿ. ಇನ್ನೊಂದು ಒಳರಸ್ತೆಯ ಮಗು ಬಂದರೆ ಸೀಟೇನೋ ತುಂಬುತ್ತದೆ, ಆದರೆ ಅದಕ್ಕೆ ಮತ್ತೊಂದು ತುಂಡು ರಸ್ತೆ, ಮತ್ತೆ ಹತ್ತು ನಿಮಿಷ.